ಅಂಗಡಿಯಲ್ಲಿ ಕಾಣುವ ಮನೆಯ ಕ್ಯಾಮೆರಾ ಮನೆಯಲ್ಲೇ ಏಕೆ ಕಾಣುವುದಿಲ್ಲ?

ಪ್ರಶ್ನೆ: ಸರ್, ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ, ಸೀರೆ ಅಂಗಡಿ ಹಳೆ ಊರಿನಲ್ಲಿ. ಮನೆಗೆ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಹಾಕಿಸಿದ್ದೇನೆ. ಸ್ಟ್ಯಾಟಿಕ್ ಐಪಿ ತೆಗೆದುಕೊಂಡು, ಅದಕ್ಕೊಂದು ಹೆಸರು ಕೊಟ್ಟು, ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ. ಅಂಗಡಿಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಮನೆಗೆ ಬಂದು ವೈಫೈ ಹಿಡಿದ ಕೂಡಲೇ ಅದೇ ವಿಳಾಸ ತೆರೆಯುವುದಿಲ್ಲ. ವೈಫೈ ಆರಿಸಿದರೆ ಮತ್ತೆ ಬರುತ್ತದೆ. ಕ್ಯಾಮೆರಾ ಹಾಕಿದ ಹುಡುಗ ಡಿವಿಆರ್ ಬದಲಿಸಬೇಕು ಎನ್ನುತ್ತಾನೆ. ಬದಲಿಸಲೇ?

ಉತ್ತರ: ಬದಲಿಸಬೇಡಿ. ಹೊಸದು ತಂದರೆ ಅದೂ ಹೀಗೆಯೇ ಮಾಡುತ್ತದೆ. ಹೊರಗಿನಿಂದ ಚಿತ್ರ ಬರುತ್ತಿದೆ ಎಂಬ ನಿಮ್ಮ ಒಂದು ಮಾತಿನಲ್ಲೇ ಡಿವಿಆರ್ ಸರಿಯಿದೆ, ಪೋರ್ಟ್ ಫಾರ್ವರ್ಡ್ ಸರಿಯಿದೆ, ಐಪಿ ನಿಜವಾಗಿಯೂ ನಿಮ್ಮದೇ ಎಂಬ ಮೂರೂ ಸಾಬೀತಾಗಿವೆ. ಉಳಿದಿರುವುದು ರೂಟರಿನ ಒಂದು ನಡತೆ. ಅದಕ್ಕೆ ನ್ಯಾಟ್ ಲೂಪ್‌ಬ್ಯಾಕ್ ಎನ್ನುತ್ತಾರೆ. ನ್ಯಾಟ್ ಎಂದರೆ ರೂಟರ್ ಪ್ಯಾಕೆಟ್ಟಿನ ಮೇಲಿನ ವಿಳಾಸ ತಿದ್ದಿ ಕಳುಹಿಸುವುದು. ಕೆಲವರು ಹೇರ್‌ಪಿನ್ ನ್ಯಾಟ್ ಎಂದೂ ಕರೆಯುತ್ತಾರೆ, ಏಕೆಂದರೆ ದಾರಿ ಕೂದಲಿನ ಪಿನ್ನಿನ ಹಾಗೆ ಹೋದ ಕಡೆಯಿಂದಲೇ ಮಡಚಿ ಹಿಂದಕ್ಕೆ ಬರುತ್ತದೆ. ನಾನು ವಿಜಯಪುರದವನಾದ್ದರಿಂದ ಗೋಳಗುಮ್ಮಟದ ಪ್ರತಿಧ್ವನಿಯ ಹೋಲಿಕೆ ಬಾಯಿಗೆ ಬರುತ್ತದೆ, ಆದರೆ ಅದು ಇಲ್ಲಿಗೆ ಹೊಂದುವುದಿಲ್ಲ. ಗುಮ್ಮಟದಲ್ಲಿ ದನಿ ಕೂಗಿದವನಿಗೇ ಮರಳುತ್ತದೆ. ಇಲ್ಲಿ ಅದು ಅದೇ ಮನೆಯ ಇನ್ನೊಂದು ಕೋಣೆಯಲ್ಲಿರುವವನಿಗೆ ತಲುಪಬೇಕು.

ವಿಳಾಸಗಳನ್ನು ಕಣ್ಣ ಮುಂದೆ ಇಟ್ಟುಕೊಂಡರೆ ವಿಷಯ ಬೇಗ ತಿಳಿಯುತ್ತದೆ. ನಿಮ್ಮ ನಿಜವಾದ ಅಂಕಿಗಳನ್ನು ಇಲ್ಲಿ ಬರೆಯುವುದು ಬೇಡ, ಉದಾಹರಣೆಗೆಂದೇ ಮೀಸಲಿಟ್ಟ ಅಂಕಿಗಳನ್ನು ಬಳಸುತ್ತೇನೆ. ಹೊರಜಗತ್ತಿಗೆ ಕಾಣುವ ನಿಮ್ಮ ಐಪಿ 203.0.113.45, ಹೆಸರು `mane.example.in`. ಮನೆಯೊಳಗೆ ರೂಟರ್ 192.168.1.1, ಡಿವಿಆರ್ 192.168.1.50, ನಿಮ್ಮ ಮೊಬೈಲ್ 192.168.1.23. ಹೊರಗಿನಿಂದ 9443ನೇ ಪೋರ್ಟಿಗೆ ಬಂದದ್ದನ್ನು ಡಿವಿಆರಿನ 443ಕ್ಕೆ ಕಳುಹಿಸು ಎಂದು ರೂಟರಿಗೆ ಹೇಳಿದ್ದೀರಿ ಎಂದಿಟ್ಟುಕೊಳ್ಳೋಣ.

ಅಂಗಡಿಯಿಂದ ನೋಡುವಾಗ ಮೊಬೈಲಿನ ಪ್ಯಾಕೆಟ್ 203.0.113.45ಕ್ಕೆ ಹೊರಟು ರೂಟರಿನ ಬೀದಿ ಬಾಗಿಲಿಗೆ ಬರುತ್ತದೆ. ರೂಟರ್ ಮೇಲಿನ ವಿಳಾಸ ಅಳಿಸಿ 192.168.1.50 ಎಂದು ಬರೆದು ಒಳಗೆ ಕಳುಹಿಸುತ್ತದೆ. ಡಿವಿಆರಿನ ಉತ್ತರ ಹೊರಗೆ ಹೋಗಬೇಕಾದ್ದರಿಂದ ಅದು ಮತ್ತೆ ರೂಟರಿನ ಕೈಗೇ ಬರುತ್ತದೆ. ರೂಟರ್ ಹಳೆಯ ವಿಳಾಸವನ್ನು ಮರಳಿ ಹಚ್ಚಿ ಕಳುಹಿಸುತ್ತದೆ. ಹೋಗುವಾಗಲೂ ಬರುವಾಗಲೂ ರೂಟರ್ ನಡುವೆ ಇದೆ ಎಂಬುದೇ ಇಲ್ಲಿ ಮುಖ್ಯ.

ಮನೆಯ ವೈಫೈಯಲ್ಲಿ ಕುಳಿತು ಅದೇ ಹೆಸರು ಒತ್ತಿದಾಗ ಎರಡು ರೀತಿಯಲ್ಲಿ ಕೆಡಬಹುದು. ಮೊದಲನೆಯದು ಸರಳ. ಅನೇಕ ರೂಟರುಗಳಲ್ಲಿ ಪೋರ್ಟ್ ಫಾರ್ವರ್ಡ್ ನಿಯಮ ಬೀದಿ ಬಾಗಿಲಿನಿಂದ, ಅಂದರೆ `WAN` ಕಡೆಯಿಂದ ಬಂದ ಪ್ಯಾಕೆಟ್ಟಿಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಪ್ಯಾಕೆಟ್ ಬಂದಿರುವುದು ಒಳಗಿನಿಂದ. ನಿಯಮ ಅದನ್ನು ಮುಟ್ಟುವುದೇ ಇಲ್ಲ. 203.0.113.45 ಎಂದರೆ ತಾನೇ ತಾನೆ ಎಂದುಕೊಂಡು ರೂಟರ್ ಅದನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ತನ್ನಲ್ಲಿ 9443ರಲ್ಲಿ ಯಾರೂ ಕುಳಿತಿಲ್ಲವಾದ್ದರಿಂದ ಒಲ್ಲೆ ಎನ್ನುತ್ತದೆ, ಇಲ್ಲವೇ ಸುಮ್ಮನೆ ಬಿಸಾಡುತ್ತದೆ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು, ಹೆಚ್ಚು ಜನ ಎಡವುವುದೂ ಇಲ್ಲಿಯೇ. ರೂಟರ್ ನಿಯಮವನ್ನು ಅನ್ವಯಿಸಿ ಪ್ಯಾಕೆಟ್ಟನ್ನು ಡಿವಿಆರಿಗೆ ತಲುಪಿಸುತ್ತದೆ. ಆದರೆ ಕಳುಹಿಸಿದವರ ವಿಳಾಸ 192.168.1.23 ಎಂದೇ ಉಳಿದಿರುತ್ತದೆ. ಡಿವಿಆರ್ ಅದನ್ನು ನೋಡಿ, ಇವನು ನಮ್ಮ ಮನೆಯವನೇ, ರೂಟರಿನ ಹಂಗು ಏಕೆ ಎಂದು ಉತ್ತರವನ್ನು ನೇರವಾಗಿ ಮೊಬೈಲಿಗೆ ಕೊಡುತ್ತದೆ. ಈಗ ಮೊಬೈಲಿನ ಕಡೆಯಿಂದ ಯೋಚಿಸಿ. ನೀವು ಒಂದು ನಂಬರಿಗೆ ಕರೆ ಮಾಡಿ, ಸಾಹೇಬರು ಸಿಗುತ್ತಾರೆ ಎಂದು ಕಾಯುತ್ತಿದ್ದೀರಿ. ಅಷ್ಟರಲ್ಲಿ ಗೊತ್ತಿಲ್ಲದ ಬೇರೊಂದು ನಂಬರಿನಿಂದ ಕರೆ ಬಂದು "ಹೇಳಿ, ಏನಾಗಬೇಕು" ಎಂದರೆ ಕಟ್ ಮಾಡುತ್ತೀರಿ. ಮೊಬೈಲ್ ಮಾಡುವುದೂ ಅದನ್ನೇ. ತಾನು ಕೇಳಿದ್ದು 203.0.113.45ನ್ನು, ಉತ್ತರ ಬಂದದ್ದು 192.168.1.50ರಿಂದ. ಹೀಗೆ:

```
192.168.1.23:51514 > 203.0.113.45:9443    SYN
192.168.1.23:51514 > 192.168.1.50:443     SYN
192.168.1.50:443   > 192.168.1.23:51514   SYN-ACK
192.168.1.23:51514 > 192.168.1.50:443     RST
```

ಮೊದಲ ಸಾಲು ಮೊಬೈಲ್ ಕಳುಹಿಸಿದ್ದು. ಎರಡನೆಯದು ಅದೇ ಪ್ಯಾಕೆಟ್, ರೂಟರ್ ವಿಳಾಸ ತಿದ್ದಿದ ಮೇಲೆ. ಮೂರನೆಯದು ಡಿವಿಆರಿನ ನೇರ ಉತ್ತರ. ನಾಲ್ಕನೆಯದು "ನೀನು ಯಾರೋ ನನಗೆ ಗೊತ್ತಿಲ್ಲ" ಎಂದು ಮೊಬೈಲ್ ಕಟ್ ಮಾಡಿದ್ದು. ಡಿವಿಆರ್ ಉತ್ತರ ಕೊಟ್ಟಿದೆ, ಮೊಬೈಲಿಗೆ ಉತ್ತರ ಮುಟ್ಟಿಯೂ ಇದೆ, ಆದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ.

ಇದನ್ನು ಸರಿಪಡಿಸಲು ರೂಟರ್ ಇನ್ನೊಂದು ತಿದ್ದುಪಡಿ ಮಾಡಬೇಕು. ತಲುಪುವ ವಿಳಾಸದ ಜೊತೆಗೆ ಕಳುಹಿಸಿದವರ ವಿಳಾಸವನ್ನೂ ಬದಲಿಸಿ 192.168.1.1 ಎಂದು ತನ್ನ ಹೆಸರು ಹಾಕಬೇಕು. ಆಗ ಡಿವಿಆರಿನ ಉತ್ತರ ರೂಟರಿಗೇ ಬರುತ್ತದೆ, ರೂಟರ್ ಎರಡನ್ನೂ ಮೊದಲಿನಂತೆ ಮಾಡಿ ಮೊಬೈಲಿಗೆ ಕೊಡುತ್ತದೆ. ಲೂಪ್‌ಬ್ಯಾಕ್ ಎಂದರೆ ಇಷ್ಟೇ. ಇದು ಹೊಸ ಬೇಡಿಕೆಯೂ ಅಲ್ಲ. ನ್ಯಾಟ್ ಮಾಡುವ ಪೆಟ್ಟಿಗೆಗಳು ಟಿಸಿಪಿ ಸಂಪರ್ಕಗಳನ್ನು ಹೀಗೆ ತಿರುಗಿಸಿ ಕೊಡಲೇಬೇಕು ಎಂದು ಇಂಟರ್ನೆಟ್ ಮಾನದಂಡಗಳ ದಾಖಲೆಯಾದ 2008ರ ಆರ್‌ಎಫ್‌ಸಿ 5382 ಹೇಳಿದೆ. ಯುಡಿಪಿಗೆ ಅದೇ ಮಾತನ್ನು ಅದರ ಹಿಂದಿನ ವರ್ಷವೇ ಆರ್‌ಎಫ್‌ಸಿ 4787 ಹೇಳಿತ್ತು. ಆದರೂ ಇಂಟರ್ನೆಟ್ ಸಂಪರ್ಕದ ಜೊತೆ ಬಿಟ್ಟಿಯಾಗಿ ಬರುವ ಪೆಟ್ಟಿಗೆಗಳಲ್ಲಿ ಇದು ಇಲ್ಲದಿರುವುದನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ.

ಇನ್ನು ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಹೌದೋ ಅಲ್ಲವೋ ಎಂದು ನೋಡೋಣ. ಮನೆಯ ವೈಫೈಯಲ್ಲಿ ಮೊದಲು `https://192.168.1.50` ತೆರೆಯಿರಿ. ಇದೂ ತೆರೆಯದಿದ್ದರೆ ಲೂಪ್‌ಬ್ಯಾಕಿನ ಮಾತು ಅಲ್ಲಿಗೆ ಬಿಡಿ. ಮೊಬೈಲ್ ಅತಿಥಿಗಳ ವೈಫೈಯಲ್ಲಿ ಇರಬಹುದು, ಅಥವಾ ವೈಫೈಯಲ್ಲಿರುವವರು ಪರಸ್ಪರ ಮಾತನಾಡದಂತೆ ರೂಟರಿನಲ್ಲಿ `AP Isolation` ಹಾಕಿರಬಹುದು. ಇದು ತೆರೆದು, ಹೆಸರು ಮಾತ್ರ ತೆರೆಯದಿದ್ದರೆ ರೋಗ ಇದೇ. ಲ್ಯಾಪ್‌ಟಾಪ್ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ವಿಂಡೋಸ್ 10 ಮತ್ತು 11ರಲ್ಲಿ ಈ ಆಜ್ಞೆ ಮೊದಲೇ ಇರುತ್ತದೆ, ಪವರ್‌ಶೆಲ್ಲಿನಲ್ಲಲ್ಲ, `Command Prompt`ನಲ್ಲಿ ಕೊಡಿ:

```
curl -vk --connect-timeout 10 https://mane.example.in:9443/
```

ಥಟ್ಟನೆ `Connection refused` ಎಂದರೆ ಹೆಚ್ಚಾಗಿ ಮೊದಲ ಬಗೆ: ರೂಟರ್ ಪ್ಯಾಕೆಟ್ಟನ್ನು ತನ್ನದೆಂದು ಹಿಡಿದುಕೊಂಡು ಒಲ್ಲೆ ಎಂದಿದೆ. ಹತ್ತು ಸೆಕೆಂಡ್ ಕಾದು `timed out` ಎಂದರೆ ರೂಟರ್ ಬಿಸಾಡಿರಬೇಕು, ಅಥವಾ ಮೇಲಿನ ಎರಡನೆಯ ಬಗೆ. ಹೊರಗಿನ ಪೋರ್ಟನ್ನು 443 ಅಥವಾ 80 ಎಂದೇ ಇಟ್ಟವರಿಗೆ ಕ್ಯಾಮೆರಾದ ಬದಲು ರೂಟರಿನ ಲಾಗಿನ್ ಪುಟ ಕಾಣಬಹುದು. ಅದನ್ನು ನೋಡಿ ರೂಟರ್ ಜಗತ್ತಿಗೆಲ್ಲ ತೆರೆದುಕೊಂಡಿದೆ ಎಂದು ಗಾಬರಿಯಾಗಿ ನನಗೆ ಫೋನ್ ಮಾಡಿದವರಿದ್ದಾರೆ. ಒಳಗಿನಿಂದ ಬಂದವರಿಗೆ ರೂಟರ್ ತನ್ನ ಪುಟ ತೋರಿಸುವುದು ಸಹಜ. ಗಾಬರಿಯಾಗುವ ಮೊದಲು ಮೊಬೈಲ್ ಡೇಟಾದಿಂದ ತೆರೆದು ನೋಡಬೇಕು.

ಈ ಪಾಠವನ್ನು ನಾನು ಕಲಿತ ಬಗೆ ಹೇಳಿಕೊಳ್ಳುವಂಥದ್ದಲ್ಲ. ನನ್ನ ಮನೆಗೆ ಮೊದಲ ಸಲ ಡಿವಿಆರ್ ಹಾಕಿದ ದಿನ ಪೋರ್ಟ್ ಫಾರ್ವರ್ಡ್ ಮಾಡಿ, ಅದೇ ಕುರ್ಚಿಯಲ್ಲಿ ಕುಳಿತು ಮನೆಯ ವೈಫೈಯಿಂದಲೇ ಪರೀಕ್ಷಿಸಿದೆ. ಬರಲಿಲ್ಲ. ನಿಯಮ ತಪ್ಪಿರಬೇಕೆಂದು ಬದಲಿಸಿದೆ, ಮತ್ತೆ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಸಿಟ್ಟು ಬಂದು ಡಿವಿಆರನ್ನು ಪೂರ್ತಿ `DMZ`ಗೆ ಹಾಕಿ, ಅಂದರೆ ಅದರ ಎಲ್ಲ ಪೋರ್ಟುಗಳನ್ನೂ ಬೀದಿಗೆ ತೆರೆದು ಮಲಗಿದೆ. ನಿಯಮ ಮೊದಲ ಪ್ರಯತ್ನದಲ್ಲೇ ಸರಿಯಾಗಿತ್ತು ಎಂದು ಗೊತ್ತಾದದ್ದು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಬೈಲ್ ತೆರೆದಾಗ. `DMZ` ತೆಗೆಯಲು ನೆನಪಾದದ್ದು ಮೂರು ವಾರದ ನಂತರ. ಪೋರ್ಟ್ ಫಾರ್ವರ್ಡನ್ನು ಮನೆಯೊಳಗಿನಿಂದ ಪರೀಕ್ಷಿಸುವವರನ್ನು ಕಂಡಾಗ ನನಗೆ ಆ ಮೂರು ವಾರ ನೆನಪಾಗುತ್ತದೆ.

ಪರಿಹಾರಕ್ಕೆ ಬರೋಣ. ಮೊದಲು ರೂಟರಿನ ಪುಟದಲ್ಲಿ `NAT Loopback`, `NAT Reflection` ಅಥವಾ `Hairpin NAT` ಎಂಬ ಗುರುತು ಇದೆಯೇ ಹುಡುಕಿ. ಪೋರ್ಟ್ ಫಾರ್ವರ್ಡ್ ಪುಟದಲ್ಲೋ ಫೈರ್‌ವಾಲ್ ಪುಟದಲ್ಲೋ ಇರುತ್ತದೆ. ಇದ್ದರೆ ಅದನ್ನು ಒತ್ತಿದಲ್ಲಿಗೆ ಕೆಲಸ ಮುಗಿಯಿತು. ಓಪನ್‌ಡಬ್ಲ್ಯೂಆರ್‌ಟಿ ಹಾಕಿದ ರೂಟರಿನಲ್ಲಿ ಪ್ರತಿಯೊಂದು ಫಾರ್ವರ್ಡಿಗೂ ಇದು ತಾನಾಗಿಯೇ ಆನ್ ಇರುತ್ತದೆ. ಲಿನಕ್ಸ್ ಪೆಟ್ಟಿಗೆಯನ್ನೇ ರೂಟರ್ ಮಾಡಿಕೊಂಡವರು ಎರಡು ಸಾಲು ಬರೆಯಬೇಕಾಗುತ್ತದೆ:

```
iptables -t nat -A PREROUTING -d 203.0.113.45 -p tcp --dport 9443 \
  -j DNAT --to-destination 192.168.1.50:443
iptables -t nat -A POSTROUTING -s 192.168.1.0/24 -d 192.168.1.50 \
  -p tcp --dport 443 -j SNAT --to-source 192.168.1.1
```

ಮೊದಲ ಸಾಲಿನಲ್ಲಿ `-i` ಹಾಕಿ ಬೀದಿ ಬಾಗಿಲಿಗೆ ಕಟ್ಟಿಲ್ಲ, ಬದಲಿಗೆ `-d` ಎಂದು ವಿಳಾಸಕ್ಕೆ ಕಟ್ಟಿದ್ದೇನೆ ಎಂಬುದನ್ನು ಗಮನಿಸಿ. ಇದು ಮೊದಲ ಬಗೆಯ ತೊಂದರೆಗೆ ಮದ್ದು. ಎರಡನೆಯ ಸಾಲು ಎರಡನೆಯದಕ್ಕೆ. ಇದಕ್ಕೊಂದು ಚಿಕ್ಕ ಬೆಲೆ ಇದೆ: ಮನೆಯೊಳಗಿನಿಂದ ಯಾರೇ ಹೀಗೆ ನೋಡಿದರೂ ಡಿವಿಆರಿನ ದಾಖಲೆಯಲ್ಲಿ 192.168.1.1 ಎಂದೇ ಬರುತ್ತದೆ, ನೋಡಿದ್ದು ಯಾರ ಮೊಬೈಲ್ ಎಂದು ತಿಳಿಯುವುದಿಲ್ಲ.

ಈ ಗುರುತು ಒತ್ತಿಯೂ ಏನೂ ಆಗದಿದ್ದರೆ ರೂಟರಿನ ಸ್ಟೇಟಸ್ ಪುಟದಲ್ಲಿ `WAN IP` ನೋಡಿ. ಅಲ್ಲಿ ನಿಮ್ಮ ಸ್ಟ್ಯಾಟಿಕ್ ಐಪಿಯ ಬದಲು 192.168 ಅಥವಾ 10ರಿಂದ ಶುರುವಾಗುವ ಅಂಕಿ ಕಂಡರೆ, ಫೈಬರ್ ಡಬ್ಬಿ ಒಂದು ನ್ಯಾಟ್ ಮಾಡುತ್ತಿದೆ, ಅದರ ಹಿಂದೆ ನೀವು ಕೊಂಡ ರೂಟರ್ ಇನ್ನೊಂದು ಮಾಡುತ್ತಿದೆ. ಸಾರ್ವಜನಿಕ ಐಪಿ ಇರುವುದು ಡಬ್ಬಿಯ ಮೇಲೆ. ತಿರುಗಿಸಿ ಕೊಡಬೇಕಾದದ್ದೂ ಡಬ್ಬಿಯೇ, ನಿಮ್ಮ ರೂಟರಿನಲ್ಲಿ ಎಷ್ಟು ಗುರುತು ಒತ್ತಿದರೂ ವ್ಯರ್ಥ. ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಕೊಡಿ ಎಂದು ಸಂಪರ್ಕ ಕೊಟ್ಟವರನ್ನು ಕೇಳಿ. ಆಗ ಐಪಿ ನಿಮ್ಮ ರೂಟರಿಗೇ ಬರುತ್ತದೆ.

ಗುರುತೇ ಇಲ್ಲದ ರೂಟರಾದರೆ ಪ್ಯಾಕೆಟ್ಟನ್ನು ತಿರುಗಿಸುವ ಗೋಜು ಬಿಟ್ಟು, ಮೊದಲೇ ಸರಿಯಾದ ದಾರಿಗೆ ಹಚ್ಚುವುದು ಒಳ್ಳೆಯದು. ನನಗೆ ಹೆಚ್ಚು ಹಿಡಿಸುವ ದಾರಿಯೂ ಇದೇ. `mane.example.in` ಎಂಬ ಹೆಸರಿಗೆ ಹೊರಗಿನವರಿಗೆ 203.0.113.45 ಎಂದೂ, ಮನೆಯೊಳಗಿನವರಿಗೆ 192.168.1.50 ಎಂದೂ ಉತ್ತರ ಸಿಗುವಂತೆ ಮಾಡುವುದು. ರೂಟರಿನ ಡಿಎನ್‌ಎಸ್ ಪುಟದಲ್ಲಿ ಹೆಸರು ಸೇರಿಸುವ ಜಾಗವಿದ್ದರೆ ಅಲ್ಲೇ ಹಾಕಿ. ಇಲ್ಲದಿದ್ದರೆ ರಾಸ್ಪ್‌ಬೆರಿ ಪೈ ಥರದ ಸಣ್ಣ ಯಂತ್ರದಲ್ಲಿ ಪೈ-ಹೋಲ್ ಅಥವಾ ಡಿಎನ್‌ಎಸ್‌ಮಾಸ್ಕ್ ಎಂಬ ಡಿಎನ್‌ಎಸ್ ತಂತ್ರಾಂಶ ನಡೆಸಬಹುದು. ಡಿಎನ್‌ಎಸ್‌ಮಾಸ್ಕಿಗೆ ಒಂದೇ ಸಾಲು ಸಾಕು:

```
address=/mane.example.in/192.168.1.50
```

ಆಮೇಲೆ ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಮನೆಯವರಿಗೆಲ್ಲ ಆ ಯಂತ್ರವನ್ನೇ ಡಿಎನ್‌ಎಸ್ ಎಂದು ಹೇಳಬೇಕು. ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಎರಡನೆಯ ಡಿಎನ್‌ಎಸ್ ಖಾಲಿ ಇದೆಯಲ್ಲ ಎಂದು ಅಲ್ಲಿ ಗೂಗಲಿನ `8.8.8.8` ತುಂಬುತ್ತಾರೆ. ಮೊದಲನೆಯದು ಕೆಟ್ಟಾಗ ಮಾತ್ರ ಎರಡನೆಯದನ್ನು ಕೇಳುತ್ತದೆ ಎಂಬುದು ಅವರ ಲೆಕ್ಕ. ಮೊಬೈಲುಗಳು ಆ ಸರತಿಗೆ ಬದ್ಧವಲ್ಲ, ಯಾವುದನ್ನಾದರೂ ಕೇಳಬಹುದು. ಕೇಳಿದ್ದು `8.8.8.8` ಆದರೆ ಸಿಗುವುದು ಹೊರಗಿನ ವಿಳಾಸ. ಹಾಗಾಗಿ ಕ್ಯಾಮೆರಾ ಬೆಳಿಗ್ಗೆ ಕಾಣುತ್ತದೆ, ಸಂಜೆ ಕಾಣುವುದಿಲ್ಲ, ಮತ್ತೆ ಡಿವಿಆರಿನ ಮೇಲೆ ಅಪವಾದ ಬರುತ್ತದೆ. ಎರಡನೆಯದನ್ನು ಖಾಲಿ ಬಿಡಿ. ಇದರ ಅರ್ಥ, ಕರೆಂಟ್ ಹೋಗಿ ಆ ಸಣ್ಣ ಯಂತ್ರ ಏಳದಿದ್ದರೆ ಮನೆಯ ಇಂಟರ್ನೆಟ್ಟೇ ನಿಂತಂತೆ ಕಾಣುತ್ತದೆ. ಆದ್ದರಿಂದ ರೂಟರ್ ಇರುವ ಯುಪಿಎಸ್‌ಗೇ ಅದನ್ನೂ ಹಚ್ಚಿ.

ಈ ದಾರಿ ನಿಮ್ಮ ಮನೆಯಲ್ಲಿ ಒಂದು ಕಡೆ ತಡೆಯುತ್ತದೆ. ಡಿಎನ್‌ಎಸ್ ಹೆಸರನ್ನು ವಿಳಾಸವಾಗಿ ಬದಲಿಸಬಲ್ಲುದು, ಪೋರ್ಟನ್ನು ಮುಟ್ಟಲಾರದು. ನೀವು ಒತ್ತುವುದು `mane.example.in:9443`. ಮನೆಯೊಳಗೆ ಅದು ನೇರವಾಗಿ 192.168.1.50ರ 9443ಕ್ಕೆ ಹೋಗಿ ನಿಲ್ಲುತ್ತದೆ. ಡಿವಿಆರ್ ಕುಳಿತಿರುವುದು 443ರಲ್ಲಿ. 9443ನ್ನು 443 ಮಾಡುತ್ತಿದ್ದ ರೂಟರ್ ಈಗ ನಡುವೆ ಇಲ್ಲ. ಆದ್ದರಿಂದ ಡಿವಿಆರಿನ ನೆಟ್‌ವರ್ಕ್ ಪುಟದಲ್ಲಿ ಅದರ `HTTPS` ಪೋರ್ಟನ್ನೇ 9443 ಮಾಡಿ, ರೂಟರಿನ ಫಾರ್ವರ್ಡನ್ನು 9443ರಿಂದ 9443ಕ್ಕೆ ತಿದ್ದಿ. ಒಳಗೂ ಹೊರಗೂ ಒಂದೇ ಅಂಕಿ ಇದ್ದರೆ ಹೆಸರು ಎಲ್ಲಿಂದ ಒತ್ತಿದರೂ ನಡೆಯುತ್ತದೆ. ಜೊತೆಗೆ ಡಿವಿಆರಿಗೆ 192.168.1.50 ಸದಾ ಸಿಗುವಂತೆ ರೂಟರಿನಲ್ಲಿ ಕಾಯ್ದಿರಿಸಿ. ಇಲ್ಲವಾದರೆ ಕರೆಂಟ್ ಹೋಗಿ ಬಂದ ಒಂದು ದಿನ ಆ ವಿಳಾಸ ಟಿವಿಯ ಪಾಲಾಗಿರುತ್ತದೆ.

ಸರಿಯಾಯಿತೇ ಎಂದು ತಿಳಿಯಲು ವೈಫೈಯಲ್ಲಿರುವ ಲ್ಯಾಪ್‌ಟಾಪಿನಲ್ಲಿ `nslookup mane.example.in` ಕೇಳಿ. 192.168.1.50 ಬರಬೇಕು. ಲ್ಯಾಪ್‌ಟಾಪಿನಲ್ಲಿ ಬಂದು ಒಂದು ಮೊಬೈಲಿನಲ್ಲಿ ಮಾತ್ರ ಚಿತ್ರ ಬಾರದಿದ್ದರೆ ಆ ಮೊಬೈಲಿನ `Private DNS` ನೋಡಿ. ಆಂಡ್ರಾಯ್ಡ್ 9ರಿಂದ ಈಚೆಗೆ ಇದು ಇದೆ. ಜಾಹೀರಾತು ತಡೆಯಲೆಂದು ಅಲ್ಲಿ ಯಾವುದೋ ಸರ್ವರಿನ ಹೆಸರು ಹಾಕಿದ್ದರೆ ಮೊಬೈಲ್ ನಿಮ್ಮ ಮನೆಯ ಡಿಎನ್‌ಎಸ್‌ನ್ನು ಕೇಳುವುದೇ ಇಲ್ಲ. ಕ್ರೋಮಿನ `Use secure DNS`ನಲ್ಲಿ ಹೊರಗಿನ ಸರ್ವರ್ ಆರಿಸಿದ್ದರೂ ಹೀಗೆಯೇ ಆಗುತ್ತದೆ.

ಇಷ್ಟೆಲ್ಲ ಬೇಡ ಎಂದರೆ ಕ್ಯಾಮೆರಾದ ಆ್ಯಪಿನಲ್ಲಿ ಒಂದೇ ಡಿವಿಆರನ್ನು ಎರಡು ಸಲ ಸೇರಿಸಬಹುದು: "ಮನೆ" ಎಂದು 192.168.1.50, "ಹೊರಗೆ" ಎಂದು ನಿಮ್ಮ ಹೆಸರು. ಖರ್ಚಿಲ್ಲ, ಕೆಡುವುದೂ ಇಲ್ಲ. ಆದರೆ ಮಧ್ಯಾಹ್ನ ಗೇಟಿನಲ್ಲಿ ಯಾರೋ ನಿಂತಾಗ ನಿಮ್ಮ ತಾಯಿಯವರು ಯಾವುದನ್ನು ಒತ್ತಬೇಕೆಂದು ಯೋಚಿಸುತ್ತ ಕೂರಬೇಕಾಗುತ್ತದೆ. ಬಳಸುವವರು ನೀವೊಬ್ಬರೇ ಆದರೆ ಮಾತ್ರ ಇದನ್ನು ಮಾಡಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಡಿವಿಆರಿನ ಲಾಗಿನ್ ಪುಟ ಈಗ ಜಗತ್ತಿನ ಯಾರು ಬೇಕಾದರೂ ಬಾಗಿಲು ಬಡಿಯುವಂತೆ ತೆರೆದಿದೆ. ಹಳೆಯ ತಂತ್ರಾಂಶದ ಡಿವಿಆರುಗಳನ್ನು ಹುಡುಕಿ ಹಿಡಿಯುವ ಯಂತ್ರಗಳು ಹಗಲು ರಾತ್ರಿ ಅಂಥ ಬಾಗಿಲುಗಳನ್ನು ಬಡಿಯುತ್ತಲೇ ಇರುತ್ತವೆ, 9443 ಎಂದು ಅಂಕಿ ಬದಲಿಸಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗುವುದಿಲ್ಲ. ನಿಮ್ಮ ರೂಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಸೌಲಭ್ಯವಿದ್ದರೆ ಫಾರ್ವರ್ಡನ್ನೇ ತೆಗೆದುಹಾಕಿ, ಮೊಬೈಲಿನಿಂದ ವಿಪಿಎನ್ ಮೂಲಕ ಮನೆಯ ಜಾಲಕ್ಕೆ ಸೇರಿ. ಆಗ ಅಂಗಡಿಯಲ್ಲಿದ್ದರೂ ಮನೆಯಲ್ಲಿದ್ದರೂ ನೀವು ತೆರೆಯುವುದು 192.168.1.50 ಒಂದೇ. ಲೂಪ್‌ಬ್ಯಾಕಿನ ಪ್ರಶ್ನೆ ಹುಟ್ಟುವುದೇ ಇಲ್ಲ. ವೈರ್‌ಗಾರ್ಡನ್ನು ರೂಟರಿನಲ್ಲಲ್ಲದೆ ಅದರ ಹಿಂದಿನ ಸಣ್ಣ ಯಂತ್ರದಲ್ಲಿ ನಡೆಸಿದರೆ ಮಾತ್ರ, ಮನೆಯೊಳಗೆ ವಿಪಿಎನ್ ಆನ್ ಇಟ್ಟಾಗ ಇದೇ ಹಳೆಯ ತೊಂದರೆ ಮರಳುತ್ತದೆ. ಮನೆಗೆ ಬಂದಾಗ ಅದನ್ನು ಆರಿಸಿದರಾಯಿತು.

ವಿಪಿಎನ್ ಹಾಕುವ ಮುಂಚೆ ಅಂಗಡಿಯ ವೈಫೈಯ ವಿಳಾಸವನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿಯೂ 192.168.1 ಎಂದೇ ಇರುವ ಸಂಭವ ಹೆಚ್ಚು. ಎರಡೂ ಕಡೆ ಒಂದೇ ಇದ್ದರೆ 192.168.1.50 ಎಂದಾಗ ಅಂಗಡಿಯದೋ ಮನೆಯದೋ ಎಂಬ ಗೊಂದಲವಾಗಿ, ಅಂಗಡಿಯ ಬಿಲ್ಲಿಂಗ್ ಪ್ರಿಂಟರಿನ ಪುಟ ತೆರೆದುಕೊಂಡರೂ ಆಶ್ಚರ್ಯವಿಲ್ಲ. ಮನೆಯ ರೂಟರನ್ನು 192.168.37.1ಕ್ಕೆ ಬದಲಿಸಿ, ಡಿವಿಆರಿಗೆ 192.168.37.50 ಕೊಟ್ಟು, ಆಮೇಲೆ ವೈರ್‌ಗಾರ್ಡಿಗೆ ಕೈ ಹಾಕಿ.